ಒಂದೇ ಪ್ರಯೋಗ, ಇಬ್ಬರು ಲೇಖಕರು: ರೆಫರೆನ್ಸ್ ಲಿಸ್ಟ್‌ನಲ್ಲಿ ಸಿಕ್ಕ ಡಾಕ್ಟರ್ ಉಪ್ಲಾವಿಸಿ

ಪ್ರಶ್ನೆ: ಥೀಸಿಸ್ ಸಬ್ಮಿಟ್ ಮಾಡೋಕೆ ಸ್ವಲ್ಪವೇ ದಿನ ಇದೆ. ರೆಫರೆನ್ಸ್ ಲಿಸ್ಟ್ ಸರಿ ಮಾಡ್ತಾ ಇದ್ದಾಗ ಒಂದು ಹಳೇ ಪೇಪರಿಗೆ ಲೇಖಕರ ಹೆಸರೇ ತಪ್ಪು ಬಿದ್ದಿದೆ ಅನ್ನಿಸ್ತಿದೆ. ಹೆಸರು ತಿದ್ದಿಬಿಟ್ಟರೆ ಸಾಕಾ?

ಸಾಲದು. ಆ ರೆಫರೆನ್ಸನ್ನು ನೀವು ಯಾವ ವಾಕ್ಯಕ್ಕೆ ಆಧಾರವಾಗಿ ಕೊಟ್ಟಿದ್ದೀರೋ ಆ ವಾಕ್ಯವನ್ನೂ, ಅದರ ಮುಂದಿನ ವಾಕ್ಯವನ್ನೂ ತೆಗೆದು ಓದಬೇಕು. ಯಾಕೆ ಅಂತ ತಿಳಿಯಲು ನಮ್ಮ ಲ್ಯಾಬಿನ ಹುಡುಗಿಯೊಬ್ಬಳ ಕಥೆ ಕೇಳಿ.

ಅವಳ ಪಿಎಚ್‌ಡಿ ವಿಷಯ ಆಮಶಂಕೆ ಬರಿಸುವ ಅಮೀಬಾ. ಪೂರ್ತಿ ಪ್ರಯೋಗಾಲಯದ ಕೆಲಸ. ಆದರೆ ಮೊದಲ ಅಧ್ಯಾಯದಲ್ಲಿ ಈ ಜೀವಿಯ ಇತಿಹಾಸ ಬರೆಯಬೇಕಲ್ಲ, ಅದಕ್ಕೆ ಹಳೆಯ ಪೇಪರುಗಳು ಬೇಕಾದವು. ಆ ಕಾಲದ ಮುಖ್ಯ ಪ್ರಶ್ನೆ ಒಂದೇ. ರೋಗಿಯ ಮಲದಲ್ಲಿ ಅಮೀಬಾ ಕಾಣುತ್ತದೆ, ಸರಿ. ಆದರೆ ರೋಗಕ್ಕೆ ಅದೇ ಕಾರಣವೋ, ಸುಮ್ನೆ ಅಲ್ಲಿ ಸೇರಿಕೊಂಡಿದೆಯೋ? ಇದಕ್ಕೆ ಉತ್ತರ ಹುಡುಕಲು ಆಗಿನವರು ರೋಗಿಯ ಮಲವನ್ನು ಪ್ರಾಣಿಯ ಕರುಳಿಗೆ ಸೇರಿಸಿ, ಅದಕ್ಕೂ ರೋಗ ಬರುತ್ತದಾ ಎಂದು ನೋಡುತ್ತಿದ್ದರು. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಲ್ಯೋಶ್ ಎಂಬ ವೈದ್ಯ ನಾಯಿಗೆ ಹೀಗೆ ಸೋಂಕು ತಗುಲಿಸಿ 1875ರಲ್ಲಿ ಅದನ್ನು ಪ್ರಕಟಿಸಿದ್ದ. ಆಮೇಲೆ ಬಂದದ್ದು ಬೆಕ್ಕುಗಳ ಮೇಲಿನ ಪ್ರಯೋಗ. ಇವಳು ಬರೆದ ವಾಕ್ಯ ಹೀಗಿತ್ತು: "1887ರಲ್ಲಿ ಹ್ಲಾವಾ ಮತ್ತು ಉಪ್ಲಾವಿಸಿ ಇಬ್ಬರೂ ಬೆಕ್ಕುಗಳಲ್ಲಿ ಈ ರೋಗ ಬರಿಸಿ ತೋರಿಸಿದರು." ಅದರ ಮುಂದಿನ ಸಾಲು: "ಹೀಗೆ ಇಬ್ಬರಿಂದ ಬೇರೆ ಬೇರೆಯಾಗಿ ಖಚಿತವಾದ ಮೇಲೆ..."

ಹ್ಲಾವಾ ಹೆಸರು ಅವಳಿಗೆ ಇತ್ತೀಚಿನ ಒಂದು ಪೇಪರಿನಲ್ಲಿ ಸಿಕ್ಕಿತ್ತು. ಉಪ್ಲಾವಿಸಿ ಸಿಕ್ಕಿದ್ದು ಒಂದು ಹಳೆಯ ಪಠ್ಯಪುಸ್ತಕದಲ್ಲಿ. ಎರಡು ಮೂಲ ಪೇಪರುಗಳನ್ನೂ ಅವಳು ಓದಿರಲಿಲ್ಲ. ಒಂದು ಚೆಕ್ ಭಾಷೆಯದು, ಇನ್ನೊಂದು ಜರ್ಮನ್. ಇತಿಹಾಸದ ಅಧ್ಯಾಯಕ್ಕೆ ಬೇರೆ ಪುಸ್ತಕದಿಂದ ರೆಫರೆನ್ಸ್ ಎತ್ತಿಕೊಳ್ಳುವುದು ಎಲ್ಲ ಲ್ಯಾಬುಗಳಲ್ಲೂ ನಡೆಯುತ್ತದೆ.

ಸಬ್ಮಿಟ್ ಮಾಡುವ ಮುಂಚೆ ಅವಳು ಲಿಸ್ಟ್ ಸರಿ ಮಾಡಲು ಕೂತಳು. ರೆಫರೆನ್ಸ್‌ಗಳನ್ನು ಜೋಡಿಸಿಡುವ ಝೊಟೆರೊ ಎಂಬ ಸಾಫ್ಟ್‌ವೇರ್‌ನಲ್ಲಿ `Duplicate Items` ತೆಗೆದು ನೋಡಿದಳು. ಎರಡೆರಡು ಬಾರಿ ಸೇರಿದ್ದ ಹೊಸ ಪೇಪರುಗಳು ಸಿಕ್ಕವು, ಅವನ್ನು ಒಂದುಗೂಡಿಸಿದಳು. ಹಳೆಯವುಗಳಲ್ಲಿ ಏನೂ ಸಿಗಲಿಲ್ಲ. ಸಿಗುವುದೂ ಇಲ್ಲ. ಆ ಸಾಫ್ಟ್‌ವೇರ್ ನೋಡುವುದು ಶೀರ್ಷಿಕೆ, ಲೇಖಕ, ವರ್ಷ, ಪೇಪರಿನ ಗುರುತಿನ ಸಂಖ್ಯೆಯಾದ ಡಿಒಐ ಇಂಥವನ್ನು. 1887ರ ಎಷ್ಟೋ ಪೇಪರುಗಳಿಗೆ ಡಿಒಐ ಇರುವುದಿಲ್ಲ. ಅವನ್ನೆಲ್ಲ ಕೈಯಲ್ಲಿ ಟೈಪ್ ಮಾಡಿರುತ್ತೇವೆ. ಶೀರ್ಷಿಕೆಯೂ ಬೇರೆ, ಲೇಖಕನೂ ಬೇರೆ ಎಂದಿದ್ದರೆ ಸಾಫ್ಟ್‌ವೇರ್ ಪಾಲಿಗೆ ಅವು ಎರಡು ಬೇರೆ ಪೇಪರುಗಳೇ.

ಆಮೇಲೆ ಅವಳು ಮಾಡಿದ ಒಂದು ಕೆಲಸ ನೀವೂ ಮಾಡಿ. ಲಿಸ್ಟನ್ನು ಲೇಖಕರ ಹೆಸರಿನ ಬದಲು ವರ್ಷದ ಪ್ರಕಾರ ಜೋಡಿಸಿದಳು. ಅಕ್ಷರ ಕ್ರಮದಲ್ಲಿ ಒಂದು ಎಚ್ ಅಡಿಯಲ್ಲಿ, ಇನ್ನೊಂದು ಯು ಅಡಿಯಲ್ಲಿ ಎಲ್ಲೋ ಪುಟಗಳಾಚೆ ಇದ್ದವು. ವರ್ಷದ ಕ್ರಮಕ್ಕೆ ತಂದ ಕೂಡಲೇ ಎರಡೂ ಒಂದರ ಕೆಳಗೊಂದು ಬಂದವು:

```
Hlava J. 1887. O úplavici. Časopis lékařů českých 26.
Uplavici O. 1887. Centralblatt für Bakteriologie und Parasitenkunde 1.
```

ಒಂದೇ ವರ್ಷ. ಎರಡರಲ್ಲೂ ಬೆಕ್ಕು. ಮೊದಲನೆಯದರ ಶೀರ್ಷಿಕೆಯಲ್ಲಿರುವ ಅಕ್ಷರಗಳೇ ಎರಡನೆಯದರ ಲೇಖಕನ ಹೆಸರಲ್ಲಿ. ಪಕ್ಕದ ಟೇಬಲ್‌ನಲ್ಲಿದ್ದ ನನ್ನನ್ನು ಕರೆದಳು. "ಅಕ್ಕಾ, ಇಲ್ಲಿ ಬನ್ನಿ. ಈ ಮನುಷ್ಯನ ಹೆಸರು ಆ ಪೇಪರಿನ ಹೆಸರಲ್ಲಿ ಯಾಕಿದೆ?"

"ಚೆಕ್ ಹೆಸರಿರಬಹುದು ಕಣೇ. ಬೇರೆ ಏನೇನು ಬರೆದಿದ್ದಾನೆ ನೋಡು" ಎಂದೆ.

ಹುಡುಕಿದರೆ ಉಪ್ಲಾವಿಸಿಯ ಹೆಸರಲ್ಲಿ ಬೇರೊಂದು ಪೇಪರ್ ಸಿಗಲಿಲ್ಲ. ಯಾವ ಊರು, ಯಾವ ಆಸ್ಪತ್ರೆ, ಯಾವ ವಿಶ್ವವಿದ್ಯಾಲಯ, ಅದೂ ಇಲ್ಲ. ಸಿಕ್ಕಿದ್ದೆಲ್ಲ ಅದೇ ಒಂದು ರೆಫರೆನ್ಸ್, ಒಬ್ಬರಿಂದ ಒಬ್ಬರು ನಕಲು ಮಾಡಿಕೊಂಡದ್ದು. ಅದರ ನಡುವೆ 1938ರ ಒಂದು ಪುಟ್ಟ ಲೇಖನ ಸಿಕ್ಕಿತು. ಪ್ಯಾರಸೈಟಾಲಜಿ ಎಂಬ ಪತ್ರಿಕೆಯದು. ಶೀರ್ಷಿಕೆ ಹೀಗಿತ್ತು:

```
Dr O. Uplavici (1887–1938)
```

ನೋಡಿದರೆ ಯಾರಿಗಾದರೂ ಶ್ರದ್ಧಾಂಜಲಿ ಲೇಖನ ಅನ್ನಿಸುತ್ತದೆ. ಅವಳಿಗೆ ಮೊದಲು ಸಮಾಧಾನವೇ ಆಯಿತು. ಅಂತೂ ಮನುಷ್ಯ ಇದ್ದ, 1938ರಲ್ಲಿ ತೀರಿಕೊಂಡ. ಎರಡು ನಿಮಿಷ ಬಿಟ್ಟು ಕೂಗಿದಳು. "ಅಕ್ಕಾ, 1887 ಇವನು ಹುಟ್ಟಿದ ವರ್ಷ ಅಲ್ವಾ? ಹುಟ್ಟಿದ ವರ್ಷವೇ ಬೆಕ್ಕಿನ ಮೇಲೆ ಪ್ರಯೋಗ ಮಾಡಿ ಪೇಪರ್ ಬರೆದನಾ?"

ಲೇಖನ ಬರೆದವರು ಕ್ಲಿಫರ್ಡ್ ಡೊಬೆಲ್. ಮನುಷ್ಯನ ದೇಹದಲ್ಲಿರುವ ಅಮೀಬಾಗಳ ಬಗ್ಗೆ ಆ ಕಾಲದಲ್ಲಿ ದೊಡ್ಡ ಹೆಸರು, ಇಂಗ್ಲೆಂಡಿನವರು. ಅವರು ಬಿಡಿಸಿಟ್ಟ ವಿಷಯ ಇಷ್ಟು. ಪ್ರಾಗ್‌ನ ವೈದ್ಯ ಯಾರೋಸ್ಲಾವ್ ಹ್ಲಾವಾ 1887ರಲ್ಲಿ ಅಲ್ಲಿನ ವೈದ್ಯರ ಪತ್ರಿಕೆಯಲ್ಲಿ ಒಂದು ಪೇಪರ್ ಬರೆದರು. ಅದರ ಶೀರ್ಷಿಕೆ `O úplavici`, ಅಂದರೆ "ಆಮಶಂಕೆಯ ಬಗ್ಗೆ", ಅಷ್ಟೇ. ಅದೇ ವರ್ಷ ಅಲೆಕ್ಸಾಂಡ್ರಿಯಾದಲ್ಲಿದ್ದ ಗ್ರೀಕ್ ವೈದ್ಯ ಕಾರ್ಟುಲಿಸ್ ಆ ಪೇಪರಿನ ಸಾರಾಂಶವನ್ನು ಜರ್ಮನ್ ಪತ್ರಿಕೆಯೊಂದಕ್ಕೆ ಬರೆದುಕೊಟ್ಟರು. ಅಲ್ಲಿ ಲೇಖಕನ ಹೆಸರು ಇರಬೇಕಾದ ಜಾಗದಲ್ಲಿ ಶೀರ್ಷಿಕೆ ಕೂತುಬಿಟ್ಟಿತು. ಹ್ಲಾವಾ ಮಾಯವಾದರು, ಓ. ಉಪ್ಲಾವಿಸಿ ಹುಟ್ಟಿಕೊಂಡ. ಡೊಬೆಲ್ ಶೀರ್ಷಿಕೆಯಲ್ಲಿ ಕೊಟ್ಟ ವರ್ಷಗಳು ಆ ತಪ್ಪಿನ ಹುಟ್ಟು ಮತ್ತು ಸಾವು.

ಐವತ್ತು ವರ್ಷ ಇದು ಉಳಿದುಕೊಂಡದ್ದಕ್ಕೆ ನನಗೆ ಕಾಣುವ ಕಾರಣ ಸರಳ. ಆ ಕಾಲದಲ್ಲಿ ಈ ವಿಷಯದವರೆಲ್ಲ ಜರ್ಮನ್ ಓದುತ್ತಿದ್ದರು, ಚೆಕ್ ಓದುವವರು ಕಡಿಮೆ. ಸಾರಾಂಶ ಓದಿದವರಿಗೆ ಪ್ರಯೋಗದ ವಿವರ ಸಿಕ್ಕಿತು, ಮೂಲ ಪತ್ರಿಕೆ ಹುಡುಕುವ ಅಗತ್ಯ ಬೀಳಲಿಲ್ಲ. ಮುಂದಿನವರು ಅವರ ಪುಸ್ತಕದಿಂದ ಎತ್ತಿಕೊಂಡರು. ಹೆಸರು ನೋಡಲು ಹೆಸರಿನ ಹಾಗೇ ಇತ್ತು, ಒಂದು ಇನಿಷಿಯಲ್, ಒಂದು ಮನೆತನದ ಹೆಸರು. ಅನುಮಾನ ಬರುವ ಹಾಗಿರಲಿಲ್ಲ.

ಈಗ ಅವಳ ಥೀಸಿಸ್‌ಗೆ ಬರೋಣ. ಮೊದಲು ಅವಳಿಗೂ ನಿಮ್ಮ ಹಾಗೇ ಅನ್ನಿಸಿತು. ಉಪ್ಲಾವಿಸಿಯ ಸಾಲನ್ನು ಡಿಲೀಟ್ ಮಾಡಿದರೆ ಮುಗಿಯಿತು, ಹ್ಲಾವಾ ಹೇಗೂ ಲಿಸ್ಟ್‌ನಲ್ಲಿ ಇದ್ದಾರೆ. ನಾನು ಮೊದಲ ಅಧ್ಯಾಯ ತೆಗೆಯಲು ಹೇಳಿದೆ. "ಇಬ್ಬರೂ" ಎಂಬ ಪದ ಅಲ್ಲೇ ಕೂತಿತ್ತು. "ಬೇರೆ ಬೇರೆಯಾಗಿ ಖಚಿತವಾದ ಮೇಲೆ" ಎಂಬುದೂ. ಒಬ್ಬ ಮನುಷ್ಯ ಮಾಡಿದ ಒಂದೇ ಪ್ರಯೋಗ ಅವಳ ಥೀಸಿಸ್‌ನಲ್ಲಿ ಇಬ್ಬರು ಮಾಡಿದ ಎರಡು ಪ್ರಯೋಗವಾಗಿತ್ತು. ವಿಜ್ಞಾನದಲ್ಲಿ ಇದು ಸಣ್ಣ ವಿಷಯವಲ್ಲ. ಒಬ್ಬರು ಕಂಡದ್ದನ್ನು ಇನ್ನೊಬ್ಬರು ತಮ್ಮ ಕಡೆಯಿಂದ ಮಾಡಿ ನೋಡಿ ಅದೇ ಫಲ ಪಡೆದರೆ ಆ ಮಾತಿಗೆ ತೂಕ ಜಾಸ್ತಿ. ಇಲ್ಲಿ ಆ ಎರಡನೆಯ ಸಾಕ್ಷಿ ಇರಲೇ ಇಲ್ಲ. ಸಾಲನ್ನು ಅಳಿಸಿ ವಾಕ್ಯವನ್ನು ಹಾಗೇ ಬಿಟ್ಟಿದ್ದರೆ ಲಿಸ್ಟ್ ಚೊಕ್ಕವಾಗಿ ಕಾಣುತ್ತಿತ್ತು, ವಾದ ಮಾತ್ರ ಸುಳ್ಳಾಗಿಯೇ ಉಳಿಯುತ್ತಿತ್ತು.

ಅವಳು ಎರಡೂ ವಾಕ್ಯಗಳನ್ನು ಹೊಸದಾಗಿ ಬರೆದಳು. ಬೆಕ್ಕಿನ ಪ್ರಯೋಗ ಹ್ಲಾವಾ ಒಬ್ಬರದು ಎಂದಳು. "ಖಚಿತವಾದ ಮೇಲೆ" ಎಂಬ ಮಾತನ್ನು ಅಲ್ಲಿಂದ ತೆಗೆದು, ಮುಂದೆ ಬೇರೆಯವರು ಬೆಕ್ಕುಗಳ ಮೇಲೆ ಮಾಡಿದ ಪ್ರಯೋಗಗಳ ಬಗ್ಗೆ ಹೇಳುವ ಕಡೆಗೆ ಸರಿಸಿದಳು. ಆ ಪ್ಯಾರಾ ಮೊದಲಿಗಿಂತ ಚಿಕ್ಕದಾಯಿತು, ಆದರೆ ಅದರಲ್ಲಿದ್ದ ಪ್ರತಿಯೊಂದು ಮಾತಿಗೂ ಆಧಾರ ಇತ್ತು.

ಗೈಡ್ ಮೇಡಂ ಇನ್ನೊಂದು ತಿದ್ದುಪಡಿ ಹೇಳಿದರು. "ನೀನು ಹ್ಲಾವಾ ಪೇಪರ್ ಓದಿದ್ದೀಯೇನಮ್ಮ?" ಎಂದು ಕೇಳಿದರು. ಇಲ್ಲ ಎಂದಳು. "ಹಾಗಿದ್ರೆ ಓದಿದ ಹಾಗೆ ಬರೀಬೇಡ. ಡೊಬೆಲ್ ಓದಿದ್ದೀಯಲ್ಲ, ಅವರ ಮೂಲಕ ಅಂತ ಬರಿ." ಹಾಗಾಗಿ ವಾಕ್ಯದಲ್ಲಿ "ಹ್ಲಾವಾ 1887, ಡೊಬೆಲ್ 1938ರಲ್ಲಿ ಉಲ್ಲೇಖಿಸಿದಂತೆ" ಎಂದು ಬಂತು. ಲಿಸ್ಟ್‌ನಲ್ಲಿ ಡೊಬೆಲ್ ಸೇರಿದರು. ಕಾರ್ಟುಲಿಸ್ ಬರೆದ ಜರ್ಮನ್ ಸಾರಾಂಶವನ್ನು ಅವಳೇ ಓದಿದ್ದರೆ, ಆ ನಮೂದನ್ನು ಕಾರ್ಟುಲಿಸ್ ಹೆಸರಲ್ಲಿ ಇಟ್ಟುಕೊಳ್ಳಬಹುದಿತ್ತು. ಓದಿರಲಿಲ್ಲ, ಅದಕ್ಕೆ ತೆಗೆದಳು. ನನಗೆ ಈ ವಿಷಯದಲ್ಲಿ ಮೇಡಂ ಮಾಡಿದ್ದೇ ಸರಿ ಅನ್ನಿಸುತ್ತದೆ. ಓದದ ಪೇಪರನ್ನು ಓದಿದಂತೆ ತೋರಿಸುವ ಅಭ್ಯಾಸವೇ ಉಪ್ಲಾವಿಸಿಯನ್ನು ಅಷ್ಟು ವರ್ಷ ಬದುಕಿಸಿಟ್ಟದ್ದು.

ನಿಮ್ಮ ಪೇಪರ್ ಯಾವುದು ಅಂತ ನೀವು ಬರೆದಿಲ್ಲ. ಹಳೆಯದು ಎಂದಿದ್ದೀರಿ, ಆದ್ದರಿಂದ ಮೊದಲು ಆ ಪತ್ರಿಕೆಯ ಆ ವರ್ಷದ ಸಂಪುಟವನ್ನೇ ಹುಡುಕಿ. ಹಳೆಯ ಸಂಪುಟಗಳ ಸ್ಕ್ಯಾನ್‌ಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಎಷ್ಟೋ ಇವೆ. ಸಂಪುಟದ ವಿಷಯಸೂಚಿಯಲ್ಲಿ ಲೇಖಕರ ಹೆಸರು ಹೇಗಿದೆ, ಪೇಪರಿನ ಮೊದಲ ಪುಟದಲ್ಲಿ ಹೇಗಿದೆ, ಎರಡೂ ನೋಡಿ. ಬೇರೆ ಪೇಪರುಗಳ ರೆಫರೆನ್ಸ್ ಲಿಸ್ಟ್‌ನಲ್ಲಿ ನೂರು ಕಡೆ ಒಂದೇ ಥರ ಇದೆ ಎಂದು ನಂಬಬೇಡಿ, ಅವು ಒಂದನ್ನೊಂದು ನಕಲು ಮಾಡಿರಬಹುದು. ನಿಮಗೆ ಸಿಕ್ಕಿರುವುದು ಮೂಲ ಪೇಪರೋ, ಬೇರೆಯವರು ಬರೆದ ಸಾರಾಂಶವೋ ಎಂಬುದನ್ನೂ ಗಮನಿಸಿ. ಕನ್ನಡ ಪುಸ್ತಕವಾಗಿದ್ದರೆ "ಸಂ." ಎಂಬುದನ್ನು ನೋಡಿ. ಅದು ಸಂಪಾದಕರ ಗುರುತು. ಅದನ್ನು ಇನಿಷಿಯಲ್ ಅಂದುಕೊಂಡು ಸಂಪಾದಕರನ್ನೇ ಲೇಖಕರ ಕಾಲಮ್ಮಿಗೆ ಹಾಕಿದರೆ ಹಳೆಗನ್ನಡ ಕಾವ್ಯವೊಂದು ನಮ್ಮ ಕಾಲದ ಪ್ರೊಫೆಸರ್ ಹೆಸರಿಗೆ ಹೋಗುತ್ತದೆ. ಝೊಟೆರೊದಲ್ಲಿ ಅದಕ್ಕೆ `Editor` ಎಂಬ ಬೇರೆ ಆಯ್ಕೆ ಇದೆ.

ತಿದ್ದಿದ ಮೇಲೆ, ವರ್ಡ್ ಫೈಲಿನಲ್ಲಿ ಸೈಟೇಶನ್‌ಗಳು ಇನ್ನೂ ಸಾಫ್ಟ್‌ವೇರ್‌ಗೆ ಜೋಡಣೆಯಾಗಿದ್ದರೆ ಒಮ್ಮೆ `Refresh` ಕೊಡಿ, ಲಿಸ್ಟೂ ನಂಬರುಗಳೂ ತಾವಾಗಿಯೇ ಸರಿಹೋಗುತ್ತವೆ. ಆ ಜೋಡಣೆ ಬಿಡಿಸಿ ಸಾದಾ ಪಠ್ಯ ಮಾಡಿಕೊಂಡಿದ್ದರೆ, ಅದರಲ್ಲೂ ನಂಬರ್ ಹಾಕುವ ಶೈಲಿಯಾಗಿದ್ದರೆ, ಒಂದು ನಮೂದು ತೆಗೆದ ಕೂಡಲೇ ಅದರ ನಂತರದ ನಂಬರುಗಳೆಲ್ಲ ಒಂದೊಂದು ಹಿಂದೆ ಸರಿಯಬೇಕು. ಆಗ ಜೋಡಣೆ ಇರುವ ಹಳೆಯ ಪ್ರತಿಗೆ ಹೋಗಿ ಅಲ್ಲೇ ತಿದ್ದುವುದು ಒಳ್ಳೆಯದು. ಅದೇ ರೆಫರೆನ್ಸ್ ನಿಮ್ಮ ಈಗಾಗಲೇ ಅಚ್ಚಾದ ಪೇಪರಿನಲ್ಲೂ ಇದ್ದು, ಅಲ್ಲಿನ ವಾದವೂ ಅದರ ಮೇಲೆ ನಿಂತಿದ್ದರೆ, ಗೈಡ್ ಜೊತೆ ಮಾತಾಡಿ ಪತ್ರಿಕೆಗೆ ತಿದ್ದುಪಡಿ ಕಳಿಸಿ.