ಕಾರ್ಯಬಿಂದುವನ್ನು ಹರಿವು ಹೇಳಲಿ

*ಸಂಪಾದಕರಿಗೆ ನಮಸ್ಕಾರ. ಒಂದಕ್ಕೊಂದು ಕೊಳವೆಯಿಂದ ಸೇರಿದ ಎರಡು ಟ್ಯಾಂಕುಗಳ ನೀರಿನ ಮಟ್ಟವನ್ನು ಟೇಲರ್ ವಿಸ್ತರಣೆಯಿಂದ ರೇಖೀಯಗೊಳಿಸುವ ಬಗ್ಗೆ ಲೇಖನ ಕಳುಹಿಸಿದ್ದೇನೆ. ಅವಕಲನಗಳನ್ನು ಮತ್ತೆ ಮತ್ತೆ ಪರಿಶೀಲಿಸಿದ್ದೇನೆ. ಆದರೂ ಕೊನೆಯ ನಕ್ಷೆಯಲ್ಲಿ ಮೂಲ ಮಾದರಿಯ ಗೆರೆಯೂ ರೇಖೀಯ ಮಾದರಿಯ ಗೆರೆಯೂ ಮೊದಲ ಕ್ಷಣದಿಂದಲೇ ಬೇರೆಯಾಗುತ್ತವೆ. ಲೇಖನ ಪ್ರಕಟಣೆಗೆ ಯೋಗ್ಯವೇ?*

ನಮಸ್ಕಾರ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗದು. ಅವಕಲನಗಳು ಸರಿಯಾಗಿಯೇ ಇವೆ. ತಪ್ಪಿರುವುದು ಅದಕ್ಕಿಂತ ಮೊದಲು, ಯಾವ ಮಟ್ಟಗಳ ಸುತ್ತ ರೇಖೀಯಗೊಳಿಸುತ್ತೀರೋ ಆ ಕಾರ್ಯಬಿಂದುವನ್ನು ಆರಿಸಿದ ಒಂದೇ ಸಾಲಿನಲ್ಲಿ. ನಿಮ್ಮ ಸಮೀಕರಣಗಳು ಇವು (ನೀರಿನ ಎತ್ತರ h1, h2 ಸೆಂಟಿಮೀಟರಿನಲ್ಲಿ, ಪಂಪಿನ ಹರಿವು q ಸೆಕೆಂಡಿಗೆ ಘನ ಸೆಂಟಿಮೀಟರಿನಲ್ಲಿ):

```
100 dh1/dt = q − 20√(h1 − h2)
100 dh2/dt = 20√(h1 − h2) − 15√h2
```

ಮುಂದಿನ ಸಾಲಿನಲ್ಲೇ ‘h1 = 30, h2 = 16, q = 60 ಎಂದು ಇಟ್ಟುಕೊಳ್ಳೋಣ’ ಎನ್ನುತ್ತೀರಿ. ಹಾಗೆ ಇಟ್ಟುಕೊಳ್ಳಲು ನೀರು ಬಿಡುವುದಿಲ್ಲ. ಆ ಎತ್ತರಗಳಲ್ಲಿ ನಡುವಿನ ಕೊಳವೆಯ ಮೂಲಕ 20√14, ಅಂದರೆ ಸುಮಾರು 74.8ರಷ್ಟು ನೀರು ಹೋಗುತ್ತದೆ. ಒಳಗೆ ಬರುತ್ತಿರುವುದು 60 ಮಾತ್ರ. ಹಾಗಾಗಿ ಮೊದಲ ಟ್ಯಾಂಕಿನ ಮಟ್ಟ ಆ ಕ್ಷಣದಲ್ಲೇ ಸೆಕೆಂಡಿಗೆ ಸುಮಾರು 1.5 ಮಿಲಿಮೀಟರಿನಂತೆ ಇಳಿಯುತ್ತಿದೆ, ಎರಡನೆಯದು ಅಷ್ಟೇ ವೇಗದಲ್ಲಿ ಏರುತ್ತಿದೆ. ಟೇಲರ್ ವಿಸ್ತರಣೆಯ ಮೊದಲ ಪದ ಎಂದರೆ ಆ ಬಿಂದುವಿನಲ್ಲಿ ಮಟ್ಟ ಬದಲಾಗುವ ವೇಗವೇ. ನೀವು ಅದನ್ನು ಸೊನ್ನೆ ಎಂದು ಕೈಬಿಟ್ಟಿದ್ದೀರಿ. ಅದು ಸೊನ್ನೆಯಾಗುವುದು ನೀರು ಸಮತೋಲದಲ್ಲಿದ್ದಾಗ ಮಾತ್ರ. ನಿಮ್ಮ ಗೆರೆಗಳು ಮೊದಲ ಕ್ಷಣದಿಂದಲೇ ಬೇರೆಯಾಗಲು ಇದೇ ಕಾರಣ.

ಇದನ್ನು ಪತ್ತೆ ಹಚ್ಚುವುದು ಸುಲಭ. ಪಂಪಿನ ಹರಿವನ್ನು ಬದಲಿಸದೆ ಎರಡೂ ಮಾದರಿಗಳನ್ನು ಓಡಿಸಿ. ಎರಡೂ ಗೆರೆಗಳು ಅಡ್ಡಡ್ಡ ನೆಟ್ಟಗೆ ಹೋಗಬೇಕು. ಒಂದು ಬಾಗಿದರೂ ಬಿಂದು ತಪ್ಪಿದೆ ಎಂದೇ ಅರ್ಥ.

ಎತ್ತರಗಳನ್ನು ನೀವು ಆರಿಸಬೇಡಿ. ಹರಿವು 60 ಎಂದು ನಿಗದಿ ಮಾಡಿ, ಎರಡೂ ಸಮೀಕರಣಗಳ ಎಡಬದಿಯನ್ನು ಸೊನ್ನೆ ಮಾಡಿ. 15√h2 = 60 ಆದ್ದರಿಂದ h2 = 16. 20√(h1 − h2) = 60 ಆದ್ದರಿಂದ ಮಟ್ಟಗಳ ಅಂತರ 9, h1 = 25. ಈಗ ಈ ಬಿಂದುವಿನಿಂದ ಆಗುವ ವ್ಯತ್ಯಾಸಗಳನ್ನು x1, x2, u ಎಂದು ಕರೆಯಿರಿ. ನೀವು ವ್ಯತ್ಯಾಸಕ್ಕೂ h ಅಕ್ಷರವನ್ನೇ ಬಳಸಿರುವುದರಿಂದ ಓದುಗರಿಗೆ ಎರಡನೆಯ ಪುಟದಿಂದಾಚೆಗೆ ಯಾವುದು ಎತ್ತರ, ಯಾವುದು ವ್ಯತ್ಯಾಸ ಎಂಬುದು ತಿಳಿಯುವುದೇ ಇಲ್ಲ. ವರ್ಗಮೂಲದ ಇಳಿಜಾರು ನಡುವಿನ ಕೊಳವೆಗೆ 20/(2×3) = 3.33, ಹೊರಹರಿವಿಗೆ 15/(2×4) = 1.875. ಆದ್ದರಿಂದ:

```
100 dx1/dt = u − 3.33(x1 − x2)
100 dx2/dt = 3.33(x1 − x2) − 1.875 x2
```

ಇದರಿಂದ ಬರುವ ಕಾಲ ಸ್ಥಿರಾಂಕಗಳು ಸುಮಾರು 13 ಮತ್ತು 124 ಸೆಕೆಂಡು. ನಿಮ್ಮ ನಕ್ಷೆ 60 ಸೆಕೆಂಡಿಗೇ ನಿಂತಿದೆ. ಮಟ್ಟ ನೆಲೆಗೊಳ್ಳುವುದನ್ನು ಕಾಣಬೇಕಾದರೆ ಕನಿಷ್ಠ 600 ಸೆಕೆಂಡು ಬೇಕು.

‘ಕಾರ್ಯಬಿಂದುವಿನ ಸಮೀಪ ಮಾತ್ರ ಇದು ಸರಿ’ ಎಂದು ಬರೆದು ನೀವು ಮುಂದೆ ಹೋಗಿದ್ದೀರಿ. ಸಮೀಪ ಎಂದರೆ ಎಷ್ಟು? ಲೇಖನದ ಜೀವ ಇರುವುದು ಈ ಪ್ರಶ್ನೆಯಲ್ಲಿ, ಅದಕ್ಕೆ ಒಂದು ಪುಟ ಕೊಡಿ. ಹರಿವನ್ನು 66ಕ್ಕೆ ಏರಿಸಿದರೆ ರೇಖೀಯ ಮಾದರಿ ಮೊದಲ ಟ್ಯಾಂಕಿನ ಮಟ್ಟ 30ಕ್ಕೆ ನಿಲ್ಲುತ್ತದೆ ಎನ್ನುತ್ತದೆ. ಮೂಲ ಸಮೀಕರಣದ ಪ್ರಕಾರ ಅದು 30.25. ಈ ಕಾಲು ಸೆಂಟಿಮೀಟರಿಗೆ ಯಾರೂ ಜಗಳವಾಡುವುದಿಲ್ಲ. ಹರಿವನ್ನು 90ಕ್ಕೆ ಏರಿಸಿದರೆ ಒಂದು 50 ಎನ್ನುತ್ತದೆ, ಇನ್ನೊಂದು 56.25. ಹರಿವಿನ ಬದಲಾವಣೆ ಐದು ಪಟ್ಟಾದರೆ ತಪ್ಪು ಇಪ್ಪತ್ತೈದು ಪಟ್ಟಾಯಿತು. ಇಲ್ಲಿ ಸ್ಥಿರ ಮಟ್ಟವು ಹರಿವಿನ ವರ್ಗಕ್ಕೆ ಅನುಪಾತದಲ್ಲಿದೆ, ನಾವು ಬಿಟ್ಟದ್ದು ಆ ವರ್ಗದ ಪದವನ್ನೇ. ಟ್ಯಾಂಕಿನ ಎತ್ತರ 55 ಸೆಂಟಿಮೀಟರ್ ಇದ್ದರೆ ರೇಖೀಯ ಮಾದರಿ ಸುರಕ್ಷಿತ ಎಂದ ಹೊತ್ತಿಗೆ ನೀರು ಅಂಚು ಮೀರಿ ಚೆಲ್ಲಿರುತ್ತದೆ.

ಇಳಿಕೆಯ ದಿಕ್ಕಿನಲ್ಲಿ ಹರಿವನ್ನು 30 ಮಾಡಿ ನೋಡಿ. ರೇಖೀಯ ಮಾದರಿಯ ಪ್ರಕಾರ ಎರಡೂ ಟ್ಯಾಂಕುಗಳು ಪೂರ್ತಿ ಖಾಲಿ. ಪಂಪು ಅರ್ಧ ಹರಿವಿನಲ್ಲಿ ನೀರು ಸುರಿಯುತ್ತಲೇ ಇದೆ, ವಾಸ್ತವದಲ್ಲಿ ಮೊದಲ ಟ್ಯಾಂಕಿನಲ್ಲಿ 6.25, ಎರಡನೆಯದರಲ್ಲಿ 4 ಸೆಂಟಿಮೀಟರ್ ನೀರಿದೆ. ಏರಿಕೆಯಾಗಲಿ ಇಳಿಕೆಯಾಗಲಿ, ನೆಲೆಗೊಂಡ ಮಟ್ಟವನ್ನು ಈ ಮಾದರಿ ಯಾವಾಗಲೂ ಕಡಿಮೆಯೇ ಹೇಳುತ್ತದೆ ಎಂಬುದನ್ನೂ ಬರೆಯಿರಿ.

ಖಾಲಿ ಟ್ಯಾಂಕುಗಳನ್ನು ತುಂಬಿಸುವ ಉದಾಹರಣೆಯನ್ನು ತೆಗೆಯಿರಿ. ಎರಡೂ ಮಟ್ಟಗಳು ಒಂದೇ ಆಗಿರುವಲ್ಲಿ √(h1 − h2)ರ ಇಳಿಜಾರು ಅನಂತಕ್ಕೆ ಹೋಗುತ್ತದೆ, ಅಲ್ಲಿ ವಿಸ್ತರಣೆಯೇ ಇಲ್ಲ. ಬ್ರೂಕ್ ಟೇಲರ್ 1715ರಲ್ಲಿ ಪ್ರಕಟಿಸಿದ ಪ್ರಮೇಯದ ಚರಿತ್ರೆಗೆ ಕೊಟ್ಟ ಒಂದೂವರೆ ಪುಟವನ್ನೂ ಬಿಟ್ಟುಬಿಡಿ. ಆ ಜಾಗ 66, 90 ಮತ್ತು 30ರ ಹರಿವಿಗೆ ಎರಡು ಮಾದರಿಗಳನ್ನೂ ಜೊತೆಯಾಗಿ ತೋರಿಸುವ ಮೂರು ನಕ್ಷೆಗಳಿಗೆ ಬೇಕು. ಹೀಗೆ ತಿದ್ದಿ ಕಳುಹಿಸಿದರೆ ಪ್ರಕಟಿಸುತ್ತೇನೆ.