ಇಂಟರ್‌ವ್ಯೂ ಮಾಡಿದವರೇ ಕೆಲಸ ಬಿಟ್ಟಿದ್ದಾರೆ, ತಂಗೀ!

"ನನಗೆ 31 ವರ್ಷ. ಶಿರಸಿಯ ಸಹಕಾರಿ ಸಂಘವೊಂದರಲ್ಲಿ ಎಂಟು ವರ್ಷದಿಂದ ಅಕೌಂಟೆಂಟ್, ಸಂಬಳ 27 ಸಾವಿರ. ಈಗ ಬೆಂಗಳೂರಿನ ಕಂಪನಿಯೊಂದು 85 ಸಾವಿರಕ್ಕೆ ಕರೆದಿದೆ. ಟಿ.ವಿ.ಯಲ್ಲಿ ಜಾಹೀರಾತು ಬರುವ ದೊಡ್ಡ ಕಂಪನಿ, ಷೇರು ಮಾರುಕಟ್ಟೆಗೆ ಇನ್ನೂ ಬಂದಿಲ್ಲ. ಅಪ್ಪ ಬೇಡ ಅಂತಾರೆ. ಅಕ್ಕನ ಗಂಡ, ನನ್ನ ಭಾವ, 'ಅಷ್ಟು ದೊಡ್ಡ ಕಂಪನಿ ಎಲ್ಲಿ ಮುಳುಗ್ತದೆ, ನೀ ಶಿರಸಿಯಲ್ಲೇ ಕೊಳೀತೀಯಾ?' ಅಂತ ದಿನಾ ಫೋನ್ ಮಾಡ್ತಾರೆ. ಈ ತಿಂಗಳ ಕೊನೆಗೆ ರಾಜೀನಾಮೆ ಕೊಟ್ಟು ಜನವರಿ 1ಕ್ಕೆ ಸೇರಬೇಕು. ಮೊದಲ ಸುತ್ತಿನಲ್ಲಿ ಮಾತಾಡಿಸಿದ ಹಣಕಾಸು ಮುಖ್ಯಸ್ಥರು ಎರಡನೇ ಸುತ್ತಿನ ಹೊತ್ತಿಗೆ ಬಿಟ್ಟು ಹೋಗಿದ್ದರು, ಬೇರೆಯವರು ಕೂತಿದ್ದರು. ಅದಿರಲಿ. ಅಪ್ಪನ ಮಾತು ಮೀರಲಾ? ರಾತ್ರಿ ನಿದ್ದೆ ಬರುತ್ತಿಲ್ಲ."
— ಓದುಗಿ, ಶಿರಸಿ

ತಂಗೀ, "ಅದಿರಲಿ" ಅಂತ ಬರೆದಿದ್ದೀರಲ್ಲ, ನಾನು ಅಲ್ಲೇ ನಿಂತೆ. ಅಪ್ಪ, ಭಾವ, ನಿದ್ದೆ ಎಲ್ಲ ಆಮೇಲೆ. ಎರಡು ಸುತ್ತಿನ ನಡುವೆ ಎಷ್ಟು ದಿನ ಇತ್ತು? ಅಷ್ಟರೊಳಗೆ ಹಣಕಾಸು ಮುಖ್ಯಸ್ಥರು ಹೊರಟೇಬಿಟ್ಟರು. ನೀವು ಸೇರುವುದೂ ಅದೇ ವಿಭಾಗಕ್ಕೆ ಅಲ್ವಾ?

ಮಾರಾಟದ ಮುಖ್ಯಸ್ಥ ಬಿಟ್ಟರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಅವರು ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಿಸುವವರೇ. ಹಣಕಾಸಿನವರ ಕಥೆ ಬೇರೆ. ಅವರು ಲೆಕ್ಕದ ಕೆಳಗೆ ಸಹಿ ಹಾಕುವವರು. ಅವರು ಪೆನ್ನು ಕೆಳಗಿಟ್ಟು ಎದ್ದರೆ ಯಾಕೆ ಅಂತ ಕೇಳಲೇಬೇಕು. ಉತ್ತರ ಸಾದಾ ಇರಬಹುದು, ಬೇರೆ ಕಡೆ ಜಾಸ್ತಿ ಸಂಬಳ ಸಿಕ್ಕಿರಬಹುದು. ಆದರೆ ಆಡಿಟರೂ ಅವಧಿಗೆ ಮೊದಲೇ ಹೋಗಿದ್ದರೆ, ವರ್ಷದ ಲೆಕ್ಕವೂ ತಡವಾಗಿದ್ದರೆ, ಆಗ ಅದು ಸಾದಾ ವಿಷಯವಲ್ಲ.

ಭಾವನವರಿಗೆ ಬೈಜೂಸ್ ನೆನಪಿದೆಯೋ ಕೇಳಿ. ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲೆ ಇದ್ದ ಹೆಸರು ಅದು. 2022ರ ಫುಟ್ಬಾಲ್ ವಿಶ್ವಕಪ್‌ಗೂ ಪ್ರಾಯೋಜಕರು. ಇದಕ್ಕಿಂತ ದೊಡ್ಡದಾಗಿ ಕಾಣುವುದು ಹೇಗೆ? ಆದರೆ 2021ರ ಮಾರ್ಚ್‌ಗೆ ಮುಗಿದ ವರ್ಷದ ಲೆಕ್ಕ ಹೊರಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ. ಅಂದರೆ ವರ್ಷ ಮುಗಿದು ಒಂದೂವರೆ ವರ್ಷದ ಮೇಲೆ. ನಷ್ಟ 4,588 ಕೋಟಿ. ಮರು ತಿಂಗಳೇ 2,500 ಜನರನ್ನು ತೆಗೆಯುವುದಾಗಿ ಹೇಳಿದರು. 2023ರ ಜೂನ್‌ನಲ್ಲಿ ಆಡಿಟರ್ ಡೆಲಾಯ್ಟ್ ರಾಜೀನಾಮೆ ಕೊಟ್ಟಿತು, ಹೂಡಿಕೆದಾರರ ಕಡೆಯ ಮೂವರು ನಿರ್ದೇಶಕರೂ ಹೊರನಡೆದರು. ಆ ವರ್ಷ ಬಂದಿದ್ದ ಹಣಕಾಸು ಮುಖ್ಯಸ್ಥರು ಅದೇ ಅಕ್ಟೋಬರ್‌ಗೆ ಹಳೆಯ ಕಂಪನಿಗೆ ವಾಪಸ್. 2024ರ ಜುಲೈನಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಇವುಗಳಲ್ಲಿ ಎಲ್ಲಕ್ಕಿಂತ ಮೊದಲು ಬಂದ ಸುಳಿವು ಯಾವುದು ನೋಡಿ. ಲೆಕ್ಕ ತಡವಾದದ್ದು. ಜನರನ್ನು ತೆಗೆದ ಸುದ್ದಿ ಬಂದದ್ದು ಆಮೇಲೆ.

ಜನರನ್ನು ತೆಗೆದರು ಅಂದ ಮಾತ್ರಕ್ಕೆ ಕಂಪನಿ ಮುಳುಗುತ್ತಿದೆ ಅಂತಲೂ ಅಲ್ಲ. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12 ಸಾವಿರ ಜನರನ್ನು ಕಡಿಮೆ ಮಾಡುವುದಾಗಿ ಹೇಳಿದಾಗ ಅದು ಒಳ್ಳೆ ಲಾಭದಲ್ಲೇ ಇತ್ತು. ಹಾಗಾಗಿ ಬರೀ ಪತ್ರಿಕೆ ಸುದ್ದಿ ಹುಡುಕಿ ಕೂರಬೇಡಿ. ಸಣ್ಣಗೆ, ಹತ್ತತ್ತು ಜನರಂತೆ ಮನೆಗೆ ಕಳಿಸಿದರೆ ಅದು ಪತ್ರಿಕೆಗೆ ಬರುವುದೇ ಇಲ್ಲ.

ಅದು ಕಾಣುವ ಜಾಗ ಬೇರೆಯೇ ಇದೆ. ನನಗೆ ಅದು ಗೊತ್ತಾದದ್ದು ನನ್ನ ತಮ್ಮನಿಂದ. ಕಾರವಾರದಿಂದ ಬೆಂಗಳೂರಿಗೆ ಹೋಗಿ, ಗಾಜಿನ ಕಟ್ಟಡದ ಆಫೀಸು ಸೇರಿದ್ದ. ಮೊದಲು 1ನೇ ತಾರೀಕಿಗೆ ಬರುತ್ತಿದ್ದ ಸಂಬಳ 7ಕ್ಕೆ ಹೋಯಿತು, ಆಮೇಲೆ 12ಕ್ಕೆ. "ಬ್ಯಾಂಕ್ ಬದಲಿಸ್ತಾ ಇದ್ದಾರಂತೆ ಅಕ್ಕಾ" ಅಂದ. ಹಬ್ಬಕ್ಕೆ ಮನೆಗೆ ಬಂದಾಗ ಊಟದ ಎಲೆ ಮುಂದೆಯೇ ಮೊಬೈಲ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆಗೆಸಿದೆ. ಸಂಬಳ ಚೀಟಿಯಲ್ಲಿ ಪ್ರತಿ ತಿಂಗಳೂ ಹಣ ಮುರಿದುಕೊಂಡಿದ್ದರು. ಪಾಸ್‌ಬುಕ್‌ನಲ್ಲಿ ಮೂರು ತಿಂಗಳು ಖಾಲಿ. ಹುಡುಗ ಪಾಯಸ ಮುಟ್ಟದೆ ಎದ್ದ.

ಅದೇ ಲೆಕ್ಕವನ್ನು ನೀವು ಸೇರುವ ಮೊದಲೇ ಹೊರಗಿನಿಂದ ನೋಡಬಹುದು. ಪಿಎಫ್ ಇಲಾಖೆಯ ಜಾಲತಾಣದಲ್ಲಿ Establishment Search ಅಂತ ಇದೆ. ಕಂಪನಿ ಹೆಸರು ಹಾಕಿ, View Payment Details ಒತ್ತಿ. ಯಾವ ತಿಂಗಳಿನ ಹಣ ಯಾವ ದಿನ ಕಟ್ಟಿದರು, ಎಷ್ಟು ಜನರಿಗೆ ಕಟ್ಟಿದರು ಅಂತ ಸಾಲಾಗಿ ಬರುತ್ತದೆ. ಒಂದು ತಿಂಗಳಿನ ಪಿಎಫ್ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಹಿಂದಿನ ಹನ್ನೆರಡು ತಿಂಗಳು ನೋಡಿ. 15 ದಾಟಿ 28ಕ್ಕೆ, ಆಮೇಲೆ ಮರುತಿಂಗಳಿಗೆ ಜಾರಿದ್ದರೆ ಕೈಯಲ್ಲಿ ದುಡ್ಡಿಲ್ಲ ಅಂತ ತಿಳಿಯಿರಿ. ಜನರ ಸಂಖ್ಯೆ 1,400ರಿಂದ 1,150ಕ್ಕೆ, 900ಕ್ಕೆ ಇಳಿದಿದ್ದರೆ ಜಾಹೀರಾತು ಏನೇ ಹೇಳಲಿ, ಒಳಗಿನ ಸುದ್ದಿ ಅದೇ. ಒಂದು ಎಚ್ಚರಿಕೆ: ಕೆಲವು ಕಂಪನಿಗಳಿಗೆ ಎರಡು ಮೂರು ಪಿಎಫ್ ಕೋಡ್ ಇರುತ್ತವೆ, ಕೆಲವರು ಪಿಎಫ್ ಹಣವನ್ನು ಸ್ವಂತ ಟ್ರಸ್ಟ್‌ನಲ್ಲೇ ಇಡುತ್ತಾರೆ. ಎಲ್ಲ ಕೋಡ್ ಕೂಡಿಸದೆ ಗಾಬರಿ ಬೀಳಬೇಡಿ.

ಇನ್ನು ಲೆಕ್ಕಪತ್ರ. ಅದನ್ನು ನಿಮಗೆ ನಾನು ಹೇಳಿಕೊಡುವುದಾ? ಶಿರಸಿಯ ಅಡಿಕೆ ಟೆಂಡರಿನಲ್ಲಿ ಚಾಲಿ ರಾಶಿಗೆ ಕೈ ಹಾಕದೆ, ನಾಲ್ಕು ಅಡಿಕೆ ಒಡೆದು ನೋಡದೆ ಯಾವ ವ್ಯಾಪಾರಿಯೂ ರೇಟು ಬರೆಯುವುದಿಲ್ಲ. ಅಂಥ ಊರಿನ ಅಕೌಂಟೆಂಟ್ ನೀವು, ಸೇರಲಿರುವ ಕಂಪನಿಯ ಬ್ಯಾಲೆನ್ಸ್ ಶೀಟ್ ಮಾತ್ರ ನೋಡಿಲ್ಲ! ಷೇರು ಮಾರುಕಟ್ಟೆಯಲ್ಲಿರುವ ಕಂಪನಿಗಳು ಮೂರು ತಿಂಗಳಿಗೊಮ್ಮೆ ಫಲಿತಾಂಶ ಹೇಳುತ್ತವೆ. ನಿಮ್ಮದು ಹಾಗಲ್ಲ, ವರ್ಷಕ್ಕೊಂದೇ ಸಲ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಕಂಪನಿಯ ಮಾಸ್ಟರ್ ಡೇಟಾ ತೆಗೆದರೆ ಕೊನೆಯ ಬ್ಯಾಲೆನ್ಸ್ ಶೀಟಿನ ತಾರೀಕು ಸಿಗುತ್ತದೆ. ವಾರ್ಷಿಕ ಸಭೆ ಸಾಮಾನ್ಯವಾಗಿ ಸೆಪ್ಟೆಂಬರ್ 30ರೊಳಗೆ, ಅದಾಗಿ 30 ದಿನದೊಳಗೆ ಲೆಕ್ಕ ಸಲ್ಲಿಸಬೇಕು. ನವೆಂಬರ್ ಕೊನೆಗೂ ಹಿಂದಿನ ವರ್ಷದ ತಾರೀಕೇ ನಿಂತಿದ್ದರೆ ಕಾರಣ ಕೇಳಿ. ನೂರು ರೂಪಾಯಿ ಕಟ್ಟಿದರೆ ಪೂರ್ತಿ ಕಾಗದಗಳನ್ನೇ ತೆರೆದು ಓದಬಹುದು.

ಓದುವಾಗ ಲಾಭ-ನಷ್ಟ ಬಿಡಿ, ನಗದು ಹರಿವಿನ ಪುಟಕ್ಕೆ ಹೋಗಿ. ಮಾರ್ಚ್ 31ಕ್ಕೆ ಕೈಯಲ್ಲಿ 60 ಕೋಟಿ ಇದೆ, ವ್ಯವಹಾರದಲ್ಲಿ ವರ್ಷಕ್ಕೆ 60 ಕೋಟಿ ಸೋರುತ್ತಿದೆ ಅಂತಿಟ್ಟುಕೊಳ್ಳಿ. ತಿಂಗಳಿಗೆ 5 ಕೋಟಿ ಆಯಿತು. ಹೊಸ ಹಣ ಬಾರದಿದ್ದರೆ ಮುಂದಿನ ಮಾರ್ಚ್‌ಗೆ ಡಬ್ಬಿ ಖಾಲಿ. ನೀವು ಸೇರುವುದು ಜನವರಿಗೆ. 85 ಸಾವಿರದ ಸಂಬಳ ಎಷ್ಟು ಸಲ ಬಂತು? ಹೊಸ ಹೂಡಿಕೆ ಬಂದಿದ್ದರೆ ಲೆಕ್ಕ ಬದಲಾಗುತ್ತದೆ, ಅದನ್ನು ಎಚ್‌ಆರ್‌ನವರನ್ನೇ ಕೇಳಬಹುದು. ಆಡಿಟರ್ ವರದಿಯಲ್ಲಿ ಕಂಪನಿ ಮುಂದೆ ನಡೆಯುವ ಬಗ್ಗೆಯೇ ಅನುಮಾನ ಬರೆದಿದ್ದರೆ ಮಾತ್ರ ಮುಂದೆ ಓದುವ ಅಗತ್ಯವೇ ಇಲ್ಲ.

ನಿಮ್ಮ ಅಪ್ಪನ ಬಗ್ಗೆ ನನಗೆ ಪಾಪ ಅನಿಸುತ್ತದೆ. ಅವರಿಗೆ ಕಾರಣ ಹೇಳಲು ಬಂದಿಲ್ಲ ಅಷ್ಟೇ. ಭಾವನವರ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ನಾದಿನಿಯ ಎಂಟು ವರ್ಷದ ಕೆಲಸ ಬಿಡಿಸಲು ದಿನಾ ಫೋನ್ ಮಾಡುವವರು ಒಂದು ಸಲವೂ ನೂರು ರೂಪಾಯಿ ಖರ್ಚು ಮಾಡಲಿಲ್ಲ.

ನೀವು ಮಾಡಬೇಕಾದ್ದು ಒಂದೇ. ಪಿಎಫ್‌ನ ಹನ್ನೆರಡು ಸಾಲು, ನಗದು ಹರಿವಿನ ಪುಟ, ಆಡಿಟರ್ ವರದಿ, ಈ ಮೂರೂ ಪ್ರಿಂಟ್ ಆಗಿ ಮೇಜಿನ ಮೇಲೆ ಬರುವವರೆಗೆ ರಾಜೀನಾಮೆ ಕೊಡಬೇಡಿ. ಬಂದ ಮೇಲೆ ಭಾವನನ್ನು ಮನೆಗೆ ಕರೆಯಿರಿ. ಒಂದು ಲೋಟ ಕಷಾಯ ಕೊಡಿ, ಅಪ್ಪನ ಎದುರು ಕೂರಿಸಿ, ಗಟ್ಟಿಯಾಗಿ ಓದಿಸಿ.