ಆ ಬೀಗ ಮಗಳು ಹಾಕಿದ್ದಲ್ಲ

*ಮಗಳು ಒಂಬತ್ತನೇ ಕ್ಲಾಸು. ಅವಳ ವಾಟ್ಸ್‌ಆ್ಯಪ್ ಚಾಟಿನ ಮೇಲೆ ಬೀಗದ ಗುರುತು, ‘ಎಂಡ್-ಟು-ಎಂಡ್ ಎನ್‌ಕ್ರಿಪ್ಟೆಡ್’ ಅಂತ ಬರೆದಿದೆ. ನಮ್ಮಿಂದ ಮುಚ್ಚಿಡೋಕೆ ಅವಳೇ ಮಾಡಿಕೊಂಡಿದ್ದಾಳಾ? ಯಾರಾದರೂ ಕೆಟ್ಟದಾಗಿ ಮೆಸೇಜ್ ಹಾಕಿದರೆ ಕಂಪನಿಯವರಿಗೂ ಗೊತ್ತಾಗಲ್ವಾ?*
*– ಒಬ್ಬ ತಾಯಿ, ಶಿವಮೊಗ್ಗ*

ಅಮ್ಮಾ, ಮೊದಲು ನಿಮ್ಮದೇ ಫೋನ್ ತೆಗೆಯಿರಿ. ನಿಮ್ಮ ತಂಗಿಯ ಜೊತೆಗಿನ ಚಾಟಿನಲ್ಲಿ ತೀರಾ ಮೇಲಕ್ಕೆ ಹೋದರೆ ಅಲ್ಲೂ ಅದೇ ಸಾಲು ಕಾಣುತ್ತದೆ. 2016ರ ಏಪ್ರಿಲ್‌ನಿಂದ ಇದು ಎಲ್ಲರಿಗೂ ತಾನಾಗಿಯೇ ಇದೆ. ಹಾಕಲು, ತೆಗೆಯಲು ಸ್ವಿಚ್ಚೇ ಇಲ್ಲ. ಪಾಪ, ಮಗಳನ್ನು ಬೈದಿಲ್ಲ ತಾನೇ?

ಬೀದಿಯ ಅಂಚೆ ಡಬ್ಬ ನೆನಪಿಸಿಕೊಳ್ಳಿ. ಕಾಗದ ಯಾರು ಬೇಕಾದರೂ ಹಾಕಬಹುದು, ತೆಗೆಯಲು ಮಾತ್ರ ಕೀಲಿ ಬೇಕು. ಆ್ಯಪ್ ಹಾಕಿಕೊಂಡಾಗ ಪ್ರತಿ ಫೋನೂ ಇಂಥ ಒಂದು ಜೋಡಿ ತಯಾರಿಸುತ್ತದೆ. ಡಬ್ಬವನ್ನು ಕಂಪನಿ ಎಲ್ಲರಿಗೂ ಕೊಡುತ್ತದೆ, ಕೀಲಿ ಫೋನಿನಲ್ಲೇ ಉಳಿಯುತ್ತದೆ. ನಿಮ್ಮ ಮಗಳು ಗೆಳತಿಗೆ ‘ನಾಳೆ ಟ್ಯೂಷನ್ ಇಲ್ಲ’ ಎಂದು ಬರೆದರೆ, ಅವಳ ಫೋನಿನಿಂದ ಹೊರಡುವ ಮುಂಚೆಯೇ ಅದು ಅರ್ಥವಿಲ್ಲದ ಅಕ್ಷರಗಳಾಗುತ್ತದೆ. ಗೆಳತಿಯ ಫೋನು ತನ್ನ ಕೀಲಿಯಿಂದ ತೆರೆದಾಗಲೇ ಅದು ಮತ್ತೆ ಮಾತು. ನಡುವೆ ಇರುವ ಕಂಪನಿಗೆ ಯಾರು ಯಾರಿಗೆ, ಯಾವಾಗ ಕಳಿಸಿದರು ಎಂದು ಗೊತ್ತಾಗಬಹುದು, ಏನು ಬರೆದರು ಎಂದು ಗೊತ್ತಾಗುವುದಿಲ್ಲ.

ಆದರೆ ಈ ಬೀಗ ಇರುವುದು ದಾರಿಗೆ ಮಾತ್ರ. ಎರಡೂ ತುದಿಯ ಫೋನುಗಳಲ್ಲಿ ಮೆಸೇಜು ತೆರೆದೇ ಇರುತ್ತದೆ. ಆ ಕಡೆಯವರು ಸ್ಕ್ರೀನ್‌ಶಾಟ್ ತೆಗೆದು ಹತ್ತು ಗ್ರೂಪಿಗೆ ಹಾಕಿದರೆ ಯಾವ ಬೀಗವೂ ತಡೆಯುವುದಿಲ್ಲ. ‘ಯಾರೂ ಓದಲಾರರು’ ಎಂಬ ಭರವಸೆಯಲ್ಲಿ ಮಕ್ಕಳು ಫೋಟೊ ಕಳಿಸಿ ಮೋಸಹೋಗುವುದು ಇಲ್ಲೇ, ನನಗೆ ನಿಜವಾಗಿ ಭಯವಾಗುವುದೂ ಇದೇ. ಇನ್ನೊಂದು: ವಾಟ್ಸ್‌ಆ್ಯಪ್‌ನ ಮೆನು ಅಥವಾ ಸೆಟ್ಟಿಂಗ್ಸ್‌ನಲ್ಲಿ Linked devices ಎಂಬುದನ್ನು ಮಗಳ ಜೊತೆ ಕೂತು ನೋಡಿ. ಗುರುತಿಲ್ಲದ ಕಂಪ್ಯೂಟರ್ ಅಲ್ಲಿದ್ದರೆ, ಅದರ ಮುಂದೆ ಕೂತವರೂ ಅವಳ ಚಾಟ್ ಓದಬಹುದು. ಅದರ ಹೆಸರು ಒತ್ತಿ ಲಾಗ್ ಔಟ್ ಮಾಡಿದರಾಯಿತು.

ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ಹೌದು, ಕೆಟ್ಟ ಮೆಸೇಜು ಬಂತೆಂದು ಕಂಪನಿಗೆ ತಾನಾಗಿ ತಿಳಿಯುವುದಿಲ್ಲ, ನಾವೇ ಹೇಳಬೇಕು. ಆ ಚಾಟಿನಲ್ಲಿ Report ಒತ್ತಿದರೆ ಆ ವ್ಯಕ್ತಿ ಕಳಿಸಿದ ಕೊನೆಯ ಐದು ಮೆಸೇಜುಗಳ ನಕಲು ನಿಮ್ಮ ಮಗಳ ಫೋನಿನಿಂದಲೇ ಕಂಪನಿಗೆ ಹೋಗುತ್ತದೆ. ಬೀಗ ಮುರಿಯಬೇಕಾಗಿಲ್ಲ, ಕೀಲಿ ಇರುವವರೇ ತೆಗೆದು ತೋರಿಸಿದ ಹಾಗೆ. ಕಳಿಸಿದವನಿಗೆ ಇದು ತಿಳಿಯುವುದಿಲ್ಲ. ಒಂದು ಎಚ್ಚರ: ರಿಪೋರ್ಟ್ ಮಾಡುವಾಗ ಬ್ಲಾಕ್ ಮಾಡಿ ಚಾಟ್ ಅಳಿಸುವ ಆಯ್ಕೆಯೂ ಬರುತ್ತದೆ. ಗಾಬರಿಯಲ್ಲಿ ಅದನ್ನೂ ಒತ್ತಿಬಿಟ್ಟರೆ ಪೊಲೀಸರಿಗೆ ತೋರಿಸಲು ಏನೂ ಉಳಿಯುವುದಿಲ್ಲ. ಹಾಗಾಗಿ ಮೊದಲು ಅವನ ನಂಬರ್ ಮತ್ತು ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಆಮೇಲೆ ರಿಪೋರ್ಟ್. ಬೆದರಿಕೆ ಇದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ.

– ಸಂಪಾದಕ